ಮೀಟರು, ಫೂಟು ಕೂಡಿ ಬಂದ್ರ ಪೈಪ್ ಆರೋ ಏಳೋ?

ಆಳಂದ ರೈತ: ಬೋರ್‌ನಿಂದ ತೊಟ್ಟಿತನಕ ನಾಲ್ಕು ತುಂಡಾಗಿ ಅಳದೀವ್ರಿ. ನಂದು 12 ಮೀಟರ್ 45 ಸೆಂಟಿಮೀಟರ್, ಮತ್ತ 9 ಮೀಟರ್ 5 ಸೆಂಟಿಮೀಟರ್. ಅಳಿಯಂದು 30 ಫೂಟು 6 ಇಂಚು, ಮತ್ತ 18 ಫೂಟು. ನನ್ನ ಲೆಕ್ಕಕ್ಕ 36.76 ಮೀಟರ್ ಆಗ್ತದ, ಅಂಗಡ್ಯಾಂವ 36.28 ಅಂತಾನ. ಯಾವುದು ಖರೆ? ಪೈಪ್ ಎಷ್ಟು ತರ್ಲಿ?

ಸೇಡಂ ಮೇಸ್ತ್ರಿ: ಮೀಟರಿಗೆ 3.3 ಹಚ್ಚಿ ಫೂಟು ಮಾಡ್ರಿ, ಮುಗೀತು. ನಿಮ್ಮ ಎರಡು ತುಂಡು 71 ಫೂಟು, ಅಳಿಯಂದು 48 ಚಿಲ್ಲರೆ. 119 ಮ್ಯಾಗ ಅರ್ಧ ಬರ್ತದ. 20 ಫೂಟಿನ ಪೈಪ್ ಆರು ತಂದ್ರ ಸಾಕು.

ಶಹಾಪುರ ಸೈಟ್: ನಂದೂ ಇದೇ ತೊಂದರೆ. 30×40 ಸೈಟ್ ಎಷ್ಟು ಗುಂಟೆ ಆಗ್ತದ್ರಿ?

ಬೀದರ್ ಟೀಚರ್: ಶಹಾಪುರದವರ, ನಿಮ್ಮದು ಚದರ ಅಡಿ ಲೆಕ್ಕ. ಗುಂಟೆಗೆ 1089 ಚದರ ಅಡಿ, ನಿಮ್ಮ 1200 ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಇಲ್ಲಿ ಮಾತು ಉದ್ದದ್ದು.

ರೈತರ, ಅಂಗಡಿಯವನ ಲೆಕ್ಕ ಬರೋಬ್ಬರಿ ಅದ. ನಿಮಗೂ ಅವಗೂ ಫರಕು 48 ಸೆಂಟಿಮೀಟರ್, ತಪ್ಪು ಎಲ್ಲದ ಅಂತ ಆ ಫರಕೇ ಹೇಳ್ತದ. 9 ಮೀಟರ್ 5 ಸೆಂಟಿಮೀಟರ್ ಅಂದ್ರ 9.05. ನೀವು 9.5 ಬರದೀರಿ, ಅಲ್ಲೇ 45 ಸೆಂಟಿಮೀಟರ್ ಏರಿತು. ಉಳಿದ 3 ಸೆಂಟಿಮೀಟರ್ ಅಳಿಯನ ತುಂಡಿಂದು: 6 ಇಂಚು ಅರ್ಧ ಫೂಟು, ಅದು 30.5, 30.6 ಅಲ್ಲ.

ಎಲ್ಲಾ ಸೆಂಟಿಮೀಟರ್ ಮಾಡ್ರಿ, ದಶಮಾಂಶದ ಗೊಂದಲ ಕಡಿಮಿ. ಫೂಟಿಗೆ 30.48. ಆಗ 1245, 905, 929.64, 548.64. ಕೂಡಿಸಿದ್ರ 3628.28. ದುಂಡು ಮಾಡೋದು ಕೊನೀಗಿ ಒಂದೇ ಸಲ. ಮೇಸ್ತ್ರಿ ಅವರ 3.3 ಒಂದು ಕ್ವಾಣಿ ಅಳಿಯಾಕ ನಡೀತದ, ಆದ್ರ ಇಲ್ಲಿ ಐದು ಇಂಚು ಹೆಚ್ಚು ತೋರಿಸ್ತದ. 3.28 ಹಚ್ಚಿದ್ರ 119 ಫೂಟಿಗೇ ಬಂದು ನಿಲ್ತದ.

ಸೇಡಂ ಮೇಸ್ತ್ರಿ: ಐದು ಇಂಚಿಗೆ ಪೈಪಿನ ಎಣಿಕೆ ಬದಲಾಗಲ್ರಿ ಸರ್. ಆರೇ.

ಕಮಲಾಪುರ ಪ್ಲಂಬರ್: ಬದಲಾಗ್ತದ. ಬಾಯಾಗ ಎಲ್ಲಾರೂ ‘ಇಪ್ಪತ್ತು ಫೂಟಿನ ಪೈಪ್’ ಅಂತಾರ, ಆದ್ರ ಅಂಗಡ್ಯಾಗ ಇರೋದು 6 ಮೀಟರಿಂದಾದ್ರ ಅದು 19 ಫೂಟು 8 ಇಂಚು. ಅಂಥವು ಆರು ಹಾಕಿದ್ರ 36 ಮೀಟರ್, 28 ಸೆಂಟಿಮೀಟರ್ ಕಡಿಮಿ ಬೀಳ್ತದ. ಖರೇನ 20 ಫೂಟಿದ್ರ ಸುಮಾರು ಅಷ್ಟೇ ಉಳೀತದ. ಆದ್ರ ಒಂದರ ತುದಿ ಇನ್ನೊಂದರ ಸಾಕೆಟ್ಟಿನಾಗ ಹೋಗ್ತದಲ್ಲ, ಐದು ಜೋಡು ಅಂದ್ರ ಆ ಉಳಿದಿದ್ದನ್ನೂ ತಿಂತದ. ನಾ ಏಳು ತರ್ತೀನಿ.

ಸೇಡಂ ಮೇಸ್ತ್ರಿ: ಏಳನೇದಕ್ಕ ಯಾಕ ರೊಕ್ಕ? ತೊಟ್ಟಿ ಕಡಿ ಒಂದು ತುಂಡು ಹೋಸ್ ಹಾಕಿದ್ರ ಆತು.

ಕಮಲಾಪುರ ಪ್ಲಂಬರ್: ಬಿಸಲಿಗೆ ಆ ಹೋಸ್ ಎಷ್ಟು ದಿನ ಬಾಳ್ತದ, ನೀವೇ ಹೇಳ್ರಿ.

ಆಳಂದ ರೈತ: ನಾಳಿ ಅಂಗಡಿಗೆ ಟೇಪ್ ಒಯ್ತೀನಿ. ಸಾಕೆಟ್ ಬಿಟ್ಟು ಅಳಿಬೇಕೋ, ಹಿಡದೋ?

ಕಮಲಾಪುರ ಪ್ಲಂಬರ್: ಬಿಟ್ಟು ಅಳಿರಿ. ಆ ಅಳತಿಯಿಂದ 3628 ಭಾಗಿಸ್ರಿ.