ಪದಚರ್ಚೆ: ಟೆಸ್ಟಿಂಗ್ ವರದಿಯಲ್ಲಿ 'ಶೇ. 95 ತೇರ್ಗಡೆ' ಅಂದರೆ ಓದುವವರಿಗೆ ಏನು ಅರ್ಥವಾಗುತ್ತದೆ?

ಮಡಿಕೇರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾಫಿ ಖರೀದಿ ಮಾಡುವ ಒಂದು ಸಂಘಕ್ಕೆ ನಮ್ಮ ಸಣ್ಣ ತಂಡ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದೆ. ಬೆಳೆಗಾರರು ಚೀಲ ತರುತ್ತಾರೆ. ತೂಕ ಆಗುತ್ತದೆ, ಸ್ಯಾಂಪಲ್ ತೆಗೆದು ಓಟಿ, ಅಂದರೆ ಚೀಲಕ್ಕೆ ಎಷ್ಟು ಕೆ.ಜಿ. ಬೇಳೆ ಬರುತ್ತದೆ ಅಂತ ನೋಡುತ್ತಾರೆ, ದರ ಹಾಕಿ ಚೀಟಿ ಕೊಡುತ್ತಾರೆ, ದುಡ್ಡು ಬ್ಯಾಂಕಿಗೆ ಹೋಗುತ್ತದೆ. ರೊಬಸ್ಟಾ ಕೊಯ್ಲು ಶುರುವಾಗುವುದರೊಳಗೆ ಇದೆಲ್ಲ ನಡೆಯಬೇಕು.

ಟೆಸ್ಟಿಂಗ್ ವರದಿ ನಿರ್ದೇಶಕರಿಗೆ ಕನ್ನಡದಲ್ಲೇ ಬೇಕಂತೆ. ಕರಡಿನಲ್ಲಿ 'ತೇರ್ಗಡೆ: ಶೇ. 95. ಪತ್ತೆಯಾದ ದೋಷಗಳು: 41' ಅಂತ ಇದೆ. ಒಬ್ಬರು ಓದಿದವರೇ "ಡಿಸ್ಟಿಂಕ್ಷನ್ ಬಂತಲ್ಲ, ಶುರು ಮಾಡಿಬಿಡಿ" ಅಂದರು. ಪಕ್ಕದಲ್ಲಿದ್ದವರು "41 ದೋಷ ಇರುವ ಮಾಲು ಯಾಕೆ ತಗೋಬೇಕು?" ಅಂದರು. ಇಬ್ಬರೂ ಓದಿದ್ದು ಒಂದೇ ಹಾಳೆ! ತೇರ್ಗಡೆ, ಉತ್ತೀರ್ಣ, ಯಶಸ್ಸು, ಇವುಗಳಲ್ಲಿ ಯಾವುದು ಸರಿ? ಬಗ್ ಅನ್ನುವುದಕ್ಕೆ ದೋಷವೋ, ಕುಂದೋ?

ಸೋಮವಾರಪೇಟೆಯಿಂದ, ನಿವೃತ್ತ ಕನ್ನಡ ಮೇಷ್ಟ್ರು

'ತೇರ್ಗಡೆ' ಒಳ್ಳೆಯ ಪದವೇ. ಆದರೆ ಅದು ಒಬ್ಬ ವಿದ್ಯಾರ್ಥಿಗೆ ಹೇಳುವ ಮಾತು. ಅದರ ಪಕ್ಕ ಶೇ. 95 ಅಂತ ಬರೆದರೆ ಯಾರೇ ಆಗಲಿ ಅಂಕ ಅಂದುಕೊಳ್ಳುತ್ತಾರೆ. ನಿಮ್ಮದು ಅಂಕವಲ್ಲ, ಇಡೀ ಶಾಲೆಯ ಫಲಿತಾಂಶ. 'ನಮ್ಮ ಶಾಲೆಗೆ ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 95 ಫಲಿತಾಂಶ' ಅನ್ನುತ್ತೇವಲ್ಲ, ಹಾಗೆ. ಆದ್ದರಿಂದ 'ಫಲಿತಾಂಶ: ಶೇ. 95' ಅಂತ ಬರೆಯಿರಿ, ಗೊಂದಲ ಮುಗಿಯಿತು. ಬಗ್ ಅನ್ನುವುದಕ್ಕೆ 'ಕುಂದು' ಇರಲಿ. 'ದೋಷ' ಅಂದರೆ ಜಾತಕದ ನೆನಪಾಗುತ್ತದೆ.

ಗೋಣಿಕೊಪ್ಪಲಿನಿಂದ, ಟೆಸ್ಟಿಂಗ್‌ನಲ್ಲಿ ಹಳಬರು

ಮೇಷ್ಟ್ರು ಹೇಳಿದ್ದು ಅರ್ಧ ಸರಿ ಇದೆ. ಆದರೆ ಗೊಂದಲ ಅಲ್ಲಿಗೆ ಮುಗಿಯುವುದಿಲ್ಲ. ಮೇಷ್ಟ್ರೇ, ನೂರಕ್ಕೆ ನೂರು ಫಲಿತಾಂಶ ತೋರಿಸಬೇಕು ಅಂತ ಕೆಲವು ಶಾಲೆಗಳು ಏನು ಮಾಡುತ್ತವೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಒಂಬತ್ತನೇ ಕ್ಲಾಸಿನಲ್ಲೇ ತಡೆಯುತ್ತಾರೆ. ಪರೀಕ್ಷೆಗೆ ಕೂತವರೆಲ್ಲ ಪಾಸಾಗುತ್ತಾರೆ. ಟೆಸ್ಟಿಂಗ್‌ನಲ್ಲೂ ಅದೇ ಕಥೆ. ಹಾಗಾಗಿ ಪದಕ್ಕಿಂತ ಮೊದಲು ಮಡಿಕೇರಿಯವರು ಒಂದು ಹೇಳಬೇಕು: ಒಟ್ಟು ಎಷ್ಟು ಟೆಸ್ಟ್ ಬರೆದಿದ್ದೀರಿ, ಎಷ್ಟು ಓಡಿಸಿದ್ದೀರಿ? ಆ 95 ಯಾವುದರಲ್ಲಿ 95?

ಮಡಿಕೇರಿಯಿಂದ

ಅಕ್ಕ, ಬರೆದಿದ್ದು 200. ಓಡಿಸಿದ್ದು 160. ಅದರಲ್ಲಿ ಪಾಸ್ 152, ಫೇಲ್ 8. 152 ಭಾಗ 160, ಶೇ. 95. ಓಡಿಸದ 40 ಟೆಸ್ಟ್‌ಗಳಲ್ಲಿ 25 ಬ್ಯಾಂಕ್ ಪಾವತಿಯವು, 15 ತೂಕದ ಮಷಿನ್ ಜೋಡಿಸುವವು. ಬ್ಯಾಂಕಿನ ಟೆಸ್ಟ್ ಖಾತೆ ಇನ್ನೂ ಬಂದಿಲ್ಲ, ಮಷಿನ್ ಸಂಘದಲ್ಲೇ ಇದೆ. ಓಡಿಸಿದ 160ರಲ್ಲಿ 90 ಸದಸ್ಯರ ನೋಂದಣಿಯವು, ಅಷ್ಟೂ ಪಾಸ್. ದರದ ಲೆಕ್ಕದ್ದು 12. ಉಳಿದ 58 ಚೀಟಿ ಮತ್ತು ವರದಿ. ಫೇಲ್ ಆದ 8ರಲ್ಲಿ 6 ದರದ ಲೆಕ್ಕದಲ್ಲಿ, 2 ಚೀಟಿಯ ಪ್ರಿಂಟ್‌ನಲ್ಲಿ.

ಗೋಣಿಕೊಪ್ಪಲಿನಿಂದ

ನೋಡಿ, ಈಗ ಮಾತಾಡಬಹುದು. ಒಟ್ಟು 200ಕ್ಕೆ ಹಿಡಿದರೆ ಪಾಸ್ ಆಗಿದ್ದು ಶೇ. 76. ಕೆಳಗಿನ ಸಂಖ್ಯೆ ಬದಲಾಯಿತು, ಸಾಫ್ಟ್‌ವೇರ್ ಬದಲಾಗಲಿಲ್ಲ. ಹಾಗಂತ 76 ಸತ್ಯ, 95 ಸುಳ್ಳು ಅಂತಲೂ ಅಲ್ಲ. 200 ಅನ್ನುವುದು ನೀವೇ ಬರೆದ ಸಂಖ್ಯೆ. ನಾಳೆ ನೋಂದಣಿಗೆ ಇನ್ನೂ 100 ಸುಲಭದ ಟೆಸ್ಟ್ ಬರೆದು ಓಡಿಸಿದರೆ 76 ತಾನಾಗಿ 84 ಆಗುತ್ತದೆ.

ದರದ ಲೆಕ್ಕ ಮಾತ್ರ ನೋಡಿ. 12ರಲ್ಲಿ 6 ಫೇಲ್, ಅಂದರೆ ಅರ್ಧಕ್ಕರ್ಧ. ಇಡೀ ಸಂಘ ನಿಂತಿರುವುದೇ ಆ ಲೆಕ್ಕದ ಮೇಲೆ. ಅದರ ಕೆಟ್ಟ ಸುದ್ದಿಯನ್ನು ನೋಂದಣಿಯ 90 ಪಾಸ್ ನುಂಗಿಬಿಟ್ಟಿದೆ. ಸರಾಸರಿ ಹಾಕಿದಾಗ ಆಗುವುದೇ ಇದು: ಹೆಸರು ಬರೆಯುವ ಟೆಸ್ಟಿಗೂ ದುಡ್ಡು ಲೆಕ್ಕ ಹಾಕುವ ಟೆಸ್ಟಿಗೂ ಒಂದೇ ಬೆಲೆ.

ಇನ್ನೊಂದು ಕೇಳಬೇಕು. ದರದಲ್ಲಿ ಪಾಸಾದ ಆ 6 ಟೆಸ್ಟ್ ಏನನ್ನು ನೋಡುತ್ತಿವೆ?

ಸಿದ್ದಾಪುರದಿಂದ, ಬೆಳೆಗಾರರು

ಟೆಸ್ಟ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕಡೆ ಈ ಟೆಸ್ಟ್‌ನದ್ದೇ ದೊಡ್ಡ ತಲೆನೋವು. ಒಂದೇ ಲೋಡಿನ ಸ್ಯಾಂಪಲ್ ಒಂದು ಕಡೆ 27.5 ಓಟಿ ಅಂತಾರೆ, ಇನ್ನೊಂದು ಕಡೆ 27 ಅಂತಾರೆ. 50 ಕೆ.ಜಿ. ಚೆರ್ರಿ ಚೀಲಕ್ಕೆ ಎಷ್ಟು ಕೆ.ಜಿ. ಬೇಳೆ ಬರುತ್ತದೆ ಅನ್ನುವುದರ ಮೇಲೆ ಅಲ್ವಾ ನಮಗೆ ದುಡ್ಡು? ಅರ್ಧ ಪಾಯಿಂಟ್ ಅಂದರೆ ಸುಮ್ನೆ ಅಲ್ಲ. ತೇವಾಂಶದ ಮೀಟರ್ ಕೂಡ ಹಾಗೇ, ಮಳೆ ಬಿದ್ದ ದಿನ ಬೇರೆ ತೋರಿಸುತ್ತದೆ. ಯಾವ ಟೆಸ್ಟ್ ನಂಬಬೇಕು ಅಂತ ಯಾರಾದರೂ ಹೇಳಿ.

ಮಡಿಕೇರಿಯಿಂದ

ಅಣ್ಣ, ನಾವು ಕೇಳಿದ್ದು ಸಾಫ್ಟ್‌ವೇರ್ ಟೆಸ್ಟ್. ಆದರೂ ನೀವು ಬರೆದಿದ್ದು ಸರಿಯಾದ ಹೊತ್ತಿಗೇ ಬಂತು. ಫೇಲ್ ಆದ ಆರೂ ಟೆಸ್ಟ್‌ಗಳಲ್ಲಿ ಓಟಿ ಅರ್ಧದಲ್ಲಿದೆ: 26.5, 27.5 ಹೀಗೆ. ಪ್ರೋಗ್ರಾಂ ಆ ಅರ್ಧವನ್ನು ಕತ್ತರಿಸಿ ಹಾಕುತ್ತಿದೆ. ಒಂದು ಪಾಯಿಂಟಿಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. 27.5ಕ್ಕೆ ಚೀಲಕ್ಕೆ 11,000 ಬರಬೇಕು, ಬರುತ್ತಿರುವುದು 10,800. 100 ಚೀಲ ಹಾಕಿದವರಿಗೆ 20,000 ಕಮ್ಮಿ.

ಅಕ್ಕ ಕೇಳಿದ ಮೇಲೆ ಪಾಸಾದ ಆರನ್ನೂ ತೆರೆದು ನೋಡಿದೆವು. ನಾಲ್ಕರಲ್ಲಿ ಓಟಿ ಇಡೀ ಸಂಖ್ಯೆ, ಹಾಗಾಗಿ ಪಾಸ್. ಉಳಿದೆರಡು ಹೀಗಿವೆ:

```
def test_half_ot():
    bill = make_bill(bags=1, ot=27.5, rate=400)
    assert bill is not None
```

ಗೋಣಿಕೊಪ್ಪಲಿನಿಂದ

ಅಲ್ಲಿಗೆ ಸರಿಹೋಯ್ತು. ಬಿಲ್ ಅಂತ ಒಂದು ಹುಟ್ಟಿದರೆ ಸಾಕು, ಅದರಲ್ಲಿ ಎಷ್ಟೇ ದುಡ್ಡು ಬರೆದಿರಲಿ, ಟೆಸ್ಟ್ ಪಾಸ್. ಕೊನೆಯ ಸಾಲು ಹೀಗಿರಬೇಕಿತ್ತು:

```
    assert bill.amount == 11000
```

ಇಂಥ ಟೆಸ್ಟ್ ಹಿಡಿಯಲು ಒಂದು ಸುಲಭದ ದಾರಿ ಇದೆ. ದರದ ಲೆಕ್ಕ ಮಾಡುವ ಸಾಲಿನಲ್ಲಿ ಗುಣಾಕಾರ ತೆಗೆದು ಬೇಕಂತಲೇ ಕೂಡುವ ಗುರುತು ಹಾಕಿ, ಟೆಸ್ಟ್‌ಗಳನ್ನು ಓಡಿಸಿ. ಲೆಕ್ಕ ಪೂರ್ತಿ ಕೆಟ್ಟಿದ್ದರೂ ಪಾಸ್ ಅನ್ನುವ ಟೆಸ್ಟ್ ಯಾವುದೋ ಅದು ಲೆಕ್ಕ ನೋಡುತ್ತಿಲ್ಲ. ಇದನ್ನು ತಾನಾಗಿ ಮಾಡುವ ಟೂಲ್‌ಗಳೂ ಇವೆ, ಮ್ಯುಟೇಶನ್ ಟೆಸ್ಟಿಂಗ್ ಅಂತಾರೆ. ದೊಡ್ಡ ಪ್ರಾಜೆಕ್ಟ್‌ನಲ್ಲಿ ಅದು ಗಂಟೆಗಟ್ಟಲೆ ಹಿಡಿಯುತ್ತದೆ. ನಿಮಗೆ ದರದ ಫೈಲ್ ಒಂದಕ್ಕೆ ಮಾಡಿದರೆ ಸಾಕು.

ಕುಶಾಲನಗರದಿಂದ, ಡೆವಲಪರ್

ಪಾಸ್ ಶೇಕಡಾ ಬಿಡಿ, ಅದು ಹಳೇ ಕಾಲದ್ದು. ಬಗ್ ಸಂಖ್ಯೆಯಾದರೂ ಗಟ್ಟಿ ಅಲ್ವಾ? 41 ಅಂದರೆ 41. ಬೇಕಿದ್ದರೆ ತೂಕ ಕೊಡಿ. ಗಂಭೀರ ಬಗ್‌ಗೆ 10, ಸಣ್ಣದಕ್ಕೆ 1. ಒಟ್ಟು ಕೂಡಿದರೆ ಸಾಫ್ಟ್‌ವೇರ್ ಹೇಗಿದೆ ಅಂತ ಒಂದೇ ನಂಬರಿನಲ್ಲಿ ಗೊತ್ತಾಗುತ್ತದೆ.

ಗೋಣಿಕೊಪ್ಪಲಿನಿಂದ

ತಮ್ಮಾ, ಬಗ್ ಒಂದೊಂದಾಗಿ ನೋಡಿದರೆ ಬೆಲೆ ಇದೆ, ಅದು ನಿಜ. ಕೂಡಿದಾಗ ಕೆಡುತ್ತದೆ. ನಿನ್ನ ಲೆಕ್ಕದಲ್ಲಿ ನೋಂದಣಿ ಪುಟದ ಹತ್ತು ಕಾಗುಣಿತದ ತಪ್ಪು ಸೇರಿದರೆ ದುಡ್ಡು ಕಮ್ಮಿ ಕೊಡುವ ಒಂದು ಬಗ್‌ಗೆ ಸಮ. ಬೆಳೆಗಾರರ ಹತ್ತಿರ ಹೋಗಿ ಹಾಗೆ ಹೇಳಿ ನೋಡು! 10, 1 ಅನ್ನುವುದು ಬರೀ ಮೇಲು ಕೆಳಗು ತೋರಿಸುವ ಗುರುತು, ಕೂಡಿ ಕಳೆಯುವ ಸಂಖ್ಯೆ ಅಲ್ಲ.

ಮತ್ತೆ, ಒಂದು ಬಗ್ ಅಂದರೆ ಎಷ್ಟು? ಮಡಿಕೇರಿಯವರ ಆರು ಫೇಲ್‌ಗೂ ಕಾರಣ ಒಂದೇ ಸಾಲು. ಒಬ್ಬರು ಅದನ್ನು ಒಂದು ಬಗ್ ಅಂತ ಬರೆಯುತ್ತಾರೆ, ಇನ್ನೊಬ್ಬರು ಆರು ಅಂತ. ನಾನು ಮೊದಲು ಇದ್ದ ಒಂದು ಕಡೆ ಟೆಸ್ಟರ್‌ಗಳ ವರ್ಷದ ಮೌಲ್ಯಮಾಪನ ಬಗ್ ಸಂಖ್ಯೆಯ ಮೇಲೆ ನಡೆಯುತ್ತಿತ್ತು. ಸ್ಪೆಲಿಂಗ್ ತಪ್ಪು, ಬಣ್ಣ ಸರಿ ಇಲ್ಲ, ಬಟನ್ ಸ್ವಲ್ಪ ಪಕ್ಕಕ್ಕಿದೆ, ಹೀಗೆ ಪಟ್ಟಿ ಬೆಳೆಯುತ್ತಿತ್ತು. ಎರಡು ದಿನ ಕೂತು ಹುಡುಕಬೇಕಾದ ಕಷ್ಟದ ಬಗ್‌ಗೆ ಯಾರೂ ಕೈ ಹಾಕುತ್ತಿರಲಿಲ್ಲ. ಡೆವಲಪರ್‌ಗಳು ಪ್ರತಿಯೊಂದಕ್ಕೂ 'ಇದು ಬಗ್ ಅಲ್ಲ' ಅಂತ ಜಗಳಕ್ಕೆ ನಿಲ್ಲುತ್ತಿದ್ದರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಇದನ್ನೇ ಗುರುತಿಸಿದ್ದರು: ಒಂದು ಅಳತೆಯನ್ನು ಹಿಡಿತಕ್ಕೆ ಬಳಸಲು ಹೊರಟರೆ ಅದು ಅಳತೆಯಾಗಿ ಉಳಿಯುವುದಿಲ್ಲ.

ಪಾವತಿ ಭಾಗದಲ್ಲಿ ಎಷ್ಟು ಬಗ್ ಸಿಕ್ಕಿದೆ ಮಡಿಕೇರಿಯವರೇ? ಸೊನ್ನೆ ಇರಬೇಕು. ಯಾಕೆಂದರೆ ಯಾರೂ ನೋಡಿಲ್ಲ.

ಮಡಿಕೇರಿಯಿಂದ

ಸೊನ್ನೆಯೇ. 41ರಲ್ಲಿ ಹೆಚ್ಚಿನವು ನೋಂದಣಿಯವು, ಸರಿಮಾಡಿಯೂ ಆಗಿದೆ. ಹಾಗಾದರೆ ಆ ಸಾಲಿನ ಜಾಗದಲ್ಲಿ ಏನು ಬರೆಯಲಿ? ನಿರ್ದೇಶಕರು ಒಂದು ಪುಟಕ್ಕಿಂತ ಜಾಸ್ತಿ ಓದುವುದಿಲ್ಲ.

ಗೋಣಿಕೊಪ್ಪಲಿನಿಂದ

ಜೇಮ್ಸ್ ಬಾಕ್ ಅನ್ನುವ ಅಮೆರಿಕದ ಟೆಸ್ಟರ್ 1999ರ ಹೊತ್ತಿಗೆ ವೈಟ್‌ಬೋರ್ಡ್ ಮೇಲೆ ಬರೆಯುವಂಥ ಒಂದು ಪಟ್ಟಿ ತೋರಿಸಿಕೊಟ್ಟರು. ಸಾಫ್ಟ್‌ವೇರಿನ ಭಾಗ ಯಾವುದು, ಈಗ ಅಲ್ಲಿ ಎಷ್ಟು ಕೆಲಸ ನಡೀತಿದೆ, ಎಷ್ಟು ಆಳಕ್ಕೆ ನೋಡಿದ್ದೇವೆ, ನೋಡಿದ್ದರಲ್ಲಿ ಹೇಗಿದೆ, ಕೊನೆಗೆ ಒಂದು ಸಾಲಿನ ಮಾತು. ಆಳಕ್ಕೆ ಸೊನ್ನೆಯಿಂದ ಮೂರು. ಸೊನ್ನೆ ಅಂದರೆ ನಮಗೇನೂ ಗೊತ್ತಿಲ್ಲ, ಮೂರು ಅಂದರೆ ಮೂಲೆ ಮುಡುಕು ಎಲ್ಲ ನೋಡಿದ್ದೇವೆ. ಒಟ್ಟು ಕೂಡುವ ಮಾತೇ ಇಲ್ಲ. ನಿಮ್ಮದು ಹೀಗಾಗಬಹುದು:

ನೋಂದಣಿ: ಚೆನ್ನಾಗಿ ನೋಡಿದ್ದೇವೆ, ಸಿಕ್ಕ ತೊಂದರೆ ಸರಿಮಾಡಿದ್ದೇವೆ.
ದರದ ಲೆಕ್ಕ: ಸ್ವಲ್ಪ ನೋಡಿದ್ದೇವೆ. ಅರ್ಧ ಓಟಿಗೆ ದುಡ್ಡು ಕಮ್ಮಿ ಬರುತ್ತಿದೆ. ಸರಿಯಾಗುವವರೆಗೆ ಬಳಸಬೇಡಿ.
ಚೀಟಿ, ವರದಿ: ದಿನನಿತ್ಯದ ಬಳಕೆ ನೋಡಿದ್ದೇವೆ. ಪ್ರಿಂಟ್‌ನಲ್ಲಿ ಎರಡು ಸಣ್ಣ ತೊಂದರೆ.
ತೂಕದ ಮಷಿನ್: ನೋಡಿಲ್ಲ. ಮಷಿನ್ ಇರುವಲ್ಲಿಗೆ ಬಂದು ನೋಡಬೇಕು.
ಬ್ಯಾಂಕ್ ಪಾವತಿ: ನೋಡಿಲ್ಲ. ಟೆಸ್ಟ್ ಖಾತೆ ಸಂಘದಿಂದ ಬರಬೇಕು.

ಕೊನೆಯ ಎರಡು ಸಾಲಿನಲ್ಲಿ ನಿರ್ದೇಶಕರಿಗೇ ಕೆಲಸ ಇದೆ ನೋಡಿ. ಶೇ. 95 ಓದಿದ್ದರೆ ಖಾತೆ ತರಿಸಲು ಯಾರೂ ಬ್ಯಾಂಕಿಗೆ ಫೋನ್ ಮಾಡುತ್ತಿರಲಿಲ್ಲ.

ಇದಕ್ಕೂ ಮಿತಿ ಇದೆ. 'ಚೆನ್ನಾಗಿ ನೋಡಿದ್ದೇವೆ' ಅನ್ನುವುದು ಟೆಸ್ಟರ್‌ನ ಮಾತು, ಅವನನ್ನು ನಂಬಬೇಕು. ಅದಕ್ಕೆ ಕೊಯ್ಲು ಶುರುವಾದ ಮೇಲೆ ಇನ್ನೊಂದನ್ನು ಗಮನಿಸಿ: ನಮ್ಮ ಕಣ್ಣು ತಪ್ಪಿಸಿ ಸಂಘದವರ ಕೈಗೆ ಸಿಕ್ಕ ಬಗ್ ಯಾವ್ಯಾವು, ಯಾವ ಭಾಗದವು. 'ಚೆನ್ನಾಗಿ ನೋಡಿದ್ದೇವೆ' ಅಂದ ಭಾಗದಲ್ಲೇ ಜಾಸ್ತಿ ಬಂದರೆ ಆ ಮಾತಿನ ಬೆಲೆ ಗೊತ್ತಾಗುತ್ತದೆ.

ಕುಶಾಲನಗರದಿಂದ

ಅದೂ ಸಂಖ್ಯೆಯೇ ಆಯ್ತಲ್ಲ ಅಕ್ಕ? ಸಂಘದವರು ಫೋನ್ ಮಾಡದೆ ಪೆನ್ನಿನಲ್ಲಿ ತಿದ್ದಿಕೊಂಡು ಹೋದರೆ ಸೊನ್ನೆ ಅಂತ ಬರುತ್ತದೆ.

ಗೋಣಿಕೊಪ್ಪಲಿನಿಂದ

ಅದು ನಿಜ. ಹೋಗಿ ಚೀಟಿ ಪುಸ್ತಕ ನೋಡಬೇಕು, ಬೇರೆ ದಾರಿ ಇಲ್ಲ.

ಸೋಮವಾರಪೇಟೆಯಿಂದ

ನನ್ನ 'ಫಲಿತಾಂಶ' ವಾಪಸ್ ತಗೊಳ್ಳುತ್ತೇನೆ. ಆದರೆ 'ನೋಡಿದ್ದೇವೆ' ಬಹಳ ಸಡಿಲ ಪದ. 'ಪರೀಕ್ಷಿಸಿದ್ದೇವೆ' ಅಂದರೆ ವರದಿಗೆ ತೂಕ ಬರುತ್ತದೆ.

ಮಡಿಕೇರಿಯಿಂದ

ಮೇಷ್ಟ್ರೇ, 'ಪರೀಕ್ಷಿಸಿದ್ದೇವೆ' ಅಂದ ಕೂಡಲೇ ನಮ್ಮ ನಿರ್ದೇಶಕರು "ಎಷ್ಟು ಮಾರ್ಕ್ಸ್?" ಅಂತಾರೆ. ಸದ್ಯಕ್ಕೆ 'ನೋಡಿದ್ದೇವೆ' ಇರಲಿ. ಬಗ್ ಅನ್ನುವುದಕ್ಕೆ 'ತೊಂದರೆ' ಸಾಕಾ, 'ಕುಂದು' ಬೇಕಾ ಅನ್ನುವುದು ಬಾಕಿ ಇದೆ. ಸಿದ್ದಾಪುರದ ಅಣ್ಣ, ಓಟಿಯನ್ನು ಅರ್ಧಕ್ಕಿಂತ ಸಣ್ಣದಾಗಿ, 27.3 ಅಂತೆಲ್ಲ ಬರೆಯುವುದು ನಿಮ್ಮ ಕಡೆ ಉಂಟಾ? ಇದ್ದರೆ ಅದಕ್ಕೂ ಟೆಸ್ಟ್ ಬರೆಯಬೇಕು.