ಸಹಾಯ ಬೇಕು: ಶ್ಲೋಕದ ಸಾಲು ಮುರಿದರೆ ಸಂಧಿ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಮಾಸಪತ್ರಿಕೆಗೆ ಕರಡು ತಿದ್ದುತ್ತೇನೆ. ಒಂದು ಲೇಖನದಲ್ಲಿ ಗೀತೆಯ 2.47ರ ಉತ್ತರಾರ್ಧ ಹೀಗೆ ಬಂದಿದೆ: ‘ಮಾ ಕರ್ಮಫಲಹೇತುರ್ಭೂಃ ಮಾ ತೇ ಸಂಗಃ ಅಸ್ತು ಅಕರ್ಮಣಿ’. ಓದುವಾಗಲೇ ಎಡವಿದೆ.

ಅಕ್ಷರ ಎಣಿಸಿದೆ. ಅನುಷ್ಟುಪ್ಪಿನಲ್ಲಿ ಪಾದಕ್ಕೆ ಎಂಟು ಇರಬೇಕು, ಅಲ್ವಾ? ‘ಮಾ ತೇ’ಯಿಂದ ಇಲ್ಲಿ ಹತ್ತು ಬರುತ್ತವೆ. ‘ಸಂಗೋಽಸ್ತ್ವಕರ್ಮಣಿ’ ಎಂದು ಕೂಡಿಸಿದರೆ ಎಂಟಾಗುತ್ತದೆ. ಅದನ್ನು ತಿದ್ದಿದೆ. (ಪುಟ ಜೋಡಿಸುವವರು ಅವಗ್ರಹವನ್ನು ಇಂಗ್ಲಿಷಿನ ಎಸ್ ಅಂದುಕೊಂಡು ಅಳಿಸಿದ್ದರು!)

ತೊಡಕಿರುವುದು ‘ಭೂಃ ಮಾ’ದಲ್ಲಿ. ಸಂಧಿ ಮಾಡಿದರೂ ಬಿಟ್ಟರೂ ಎಣಿಕೆ ಎಂಟೇ, ಹಾಗಾಗಿ ಛಂದಸ್ಸು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಶ್ಲೋಕಾರ್ಧದ ಒಳಗೆ ಸಂಧಿ ಆಗಲೇಬೇಕು ಅನ್ನುವುದು ಗೊತ್ತು. ನನ್ನ ಹತ್ತಿರದ ಪುಸ್ತಕದಲ್ಲೂ ‘ಹೇತುರ್ಭೂರ್ಮಾ’ ಎಂದೇ ಇದೆ. ಆದರೆ ಅಲ್ಲಿ ಶ್ಲೋಕ ಎರಡೇ ಸಾಲು. ನಮ್ಮ ಕಾಲಂ ಕಿರಿದು, ನಾಲ್ಕು ಸಾಲು ಮಾಡಲೇಬೇಕು. ಆಗ ಮೂರನೇ ಸಾಲು ‘ಹೇತುರ್ಭೂ-’ ಎಂದು ನಿಂತು, ನಾಲ್ಕನೆಯದು ‘ರ್ಮಾ ತೇ’ ಎಂದು ಶುರುವಾಗುತ್ತದೆ. ನೋಡಲು ವಿಚಿತ್ರ.

ಇಂಥ ಕಡೆ ಅಡ್ಡಗೆರೆ ಹಾಕಿ ಸಂಧಿ ಉಳಿಸುತ್ತೀರಾ, ಅಥವಾ ಸಾಲಿನ ಕೊನೆಗೆ ‘ಭೂಃ’ ಎಂದು ವಿಸರ್ಗ ಕೊಡುತ್ತೀರಾ?