ವೀರಗಲ್ಲಿನ ಫಲಕ: ಮಗುವೂ ನಿಲ್ಲಬೇಕು, ತಿಳಿದವರೂ ನಿಲ್ಲಬೇಕು

ಕೇಳಿದ್ದು: ನಮ್ಮ ಮ್ಯೂಸಿಯಂನ ಫಲಕದಲ್ಲಿ 'ವೀರಗಲ್ಲು, ಗಂಗರ ಕಾಲ, 10ನೇ ಶತಮಾನ' ಅಂತಷ್ಟೇ ಇದೆ. ಮಕ್ಕಳು ನಿಲ್ಲುವುದೇ ಇಲ್ಲ, ಸಂಶೋಧಕರಿಗೂ ಏನೂ ಸಿಗುವುದಿಲ್ಲ. ಹೇಗೆ ತಿದ್ದಿ ಬರೆಯಲಿ?

ಮೇಷ್ಟ್ರು: ಎರಡು ಫಲಕ ಹಾಕಿಬಿಡಿ. ಮಕ್ಕಳಿಗೆ ಕೆಳಗೆ ಚಿತ್ರ ಇರುವುದು, ದೊಡ್ಡವರಿಗೆ ಮೇಲೆ ವಿವರ ಇರುವುದು.

ಫಲಕ ಬರೆಯುವವಳು: ಕೆಳಗೆ ಹಾಕುವುದು ಸರಿ ಮೇಷ್ಟ್ರೇ, ಮಗುವಿನ ಕಣ್ಣಿನ ಎತ್ತರ ಮುಖ್ಯ. ಆದರೆ ಮಗುವಿಗೆ ಓದಿ ಹೇಳುವವರು ಅಪ್ಪ ಅಮ್ಮ ಅಲ್ವಾ? ಅವರಿಗೆ ಒಂದೇ ಫಲಕ ಸಾಕು, ಅದರ ಕ್ರಮ ಸರಿಯಿರಬೇಕು ಅಷ್ಟೇ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನ ಆತಕೂರು ಕಲ್ಲನ್ನೇ ತಗೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ:

"ನಾಯಿಯೂ ಕಾಡುಹಂದಿಯೂ ಕಾದಾಡುತ್ತಿವೆ, ನೋಡಿ. ಈ ನಾಯಿಯ ಹೆಸರು ಕಾಳಿ. ಕಾದಾಟದಲ್ಲಿ ಎರಡೂ ಸತ್ತವು. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಬಹುಮಾನವಾಗಿ ಕೇಳಿ ಪಡೆದದ್ದು ಈ ನಾಯಿಯನ್ನೇ. ಇದೆಲ್ಲ ಕಲ್ಲಿನ ಮೇಲಿನ ಹಳಗನ್ನಡ ಬರಹದಲ್ಲಿದೆ. ಶಕ 872, ಕ್ರಿ.ಶ. 949–50. ಆತಕೂರು, ಮದ್ದೂರು ತಾಲೂಕು."

ಮೊದಲ ವಾಕ್ಯವನ್ನು ಮಗು ಕಲ್ಲಿನ ಮೇಲೆಯೇ ಹುಡುಕಿ ನೋಡಬಹುದು. ಕಾಲ, ಊರು ಕೊನೆಗೆ ಬಂದರೂ ಬೇಕಾದವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ತಿಳಿದವರಿಗೆ ಜಾಸ್ತಿ ಉಪಯೋಗವಾಗುವುದು 'ಇದೆಲ್ಲ ಬರಹದಲ್ಲಿದೆ' ಎಂಬ ಮಾತು. ಕಲ್ಲು ಹೇಳಿದ್ದು ಯಾವುದು, ನಾವು ಊಹಿಸಿದ್ದು ಯಾವುದು ಅಂತ ಅದರಿಂದ ಗೊತ್ತಾಗುತ್ತದೆ. ನಿಮ್ಮ ಕಲ್ಲಿನಲ್ಲಿ ಬರಹ ಇಲ್ಲದಿದ್ದರೆ 'ಕೆತ್ತನೆಯ ರೀತಿ ನೋಡಿ ಕಾಲ ಅಂದಾಜು ಮಾಡಿದೆ' ಅಂತ ಬರೆಯಿರಿ. ಸುಮ್ನೆ '10ನೇ ಶತಮಾನ' ಅಂದರೆ ಅದು ಶಾಸನದಲ್ಲೇ ಇದೆ ಅಂದುಕೊಳ್ಳುತ್ತಾರೆ.

ಮಂಡ್ಯದವರು: ನಮ್ಮ ಹೊಲದ ಬದುವಿನಲ್ಲೂ ಒಂದು ವೀರಗಲ್ಲಿದೆ. ಮೂರು ಅಂತಸ್ತು, ಮೇಲೆ ಲಿಂಗ. ಅದಕ್ಕೂ ಫಲಕ ಹಾಕಬಹುದಾ?

ಫಲಕ ಬರೆಯುವವಳು: ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ, ಕಲ್ಲಿಗೆ ಬಣ್ಣ ಬಳಿಯಬೇಡಿ. ಫಲಕದಲ್ಲಿ ಕೆಳಗಿನಿಂದ ಮೇಲಕ್ಕೆ ಓದಲು ಹೇಳಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಹೆಚ್ಚಿನ ಕಲ್ಲುಗಳಲ್ಲಿ ಹೀಗೇ ಇರುತ್ತದೆ. ನಿಮ್ಮದರಲ್ಲೂ ಹಾಗಿದೆಯಾ ನೋಡಿಕೊಂಡು ಬರೆಯಿರಿ.

ಶಾಸನ ಓದುವವರು: ನಿಮ್ಮ ಆತಕೂರು ಫಲಕ ಅರ್ಧವೇ ಆಯಿತು. ಆ ಯುದ್ಧ ತಕ್ಕೋಲದ್ದು. ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಅಂತ ಇದೇ ಕಲ್ಲು ಹೇಳುತ್ತದೆ. ಹೇಗೆ ಕೊಂದ ಎಂಬ ಸಾಲನ್ನು ಓದುವುದರಲ್ಲೇ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ನಾನು ಅದನ್ನು ಬಿಡುವುದಿಲ್ಲ.

ಫಲಕ ಬರೆಯುವವಳು: 'ತಕ್ಕೋಲದ ಯುದ್ಧದಲ್ಲಿ' ಅಂತ ಒಂದು ಪದ ಸೇರಿಸುತ್ತೇನೆ, ಒಪ್ಪಿದೆ. ಓದಿನ ಜಗಳ ಫಲಕಕ್ಕೆ ಬೇಡ. ಅದಕ್ಕೆ ಪಕ್ಕದಲ್ಲಿ ಕೈಗೆತ್ತಿಕೊಂಡು ಓದುವ ಹಾಳೆ ಇಡಿ.

ಶಾಸನ ಓದುವವರು: ಹಾಳೆಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಒಂದೇ ಸಾಲು, ಫಲಕದಲ್ಲೇ ಇರಲಿ.